ಸಕ್ಕರೆ ಇಲ್ಲ, ಮೈದಾ ಇದೆ

ಶುಗರ್ ಇರುವವರ ಮನೆಗೆ ಹೋಗುವಾಗ ‘ಶುಗರ್ ಫ್ರೀ’ ಬಿಸ್ಕತ್ತು ಒಯ್ಯುವುದು ಈಗ ರೂಢಿಯಾಗಿದೆ. ಪೊಟ್ಟಣದ ಮೇಲಿನ ಆ ಮಾತು ಸುಳ್ಳಲ್ಲ. ನೂರು ಗ್ರಾಂ ತಿನಿಸಿನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರದಿದ್ದರೆ ಹಾಗೆ ಬರೆದುಕೊಳ್ಳಲು ನಮ್ಮ ಆಹಾರ ನಿಯಮದಲ್ಲಿ ಅವಕಾಶವಿದೆ. ಆದರೆ ಆ ಲೆಕ್ಕ ಸಕ್ಕರೆಗೆ ಮಾತ್ರ, ಹಿಟ್ಟಿಗೂ ಎಣ್ಣೆಗೂ ಅಲ್ಲ.

ಸಿಹಿಗೆ ಹಾಕುವ ವಸ್ತುಗಳಲ್ಲಿ ಎರಡು ಬಗೆ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಚಿಟಿಕೆಗಿಂತ ಕಡಿಮೆ ಸಾಕು, ಕ್ಯಾಲೊರಿ ಇಲ್ಲವೆಂದೇ ಹೇಳಬಹುದು. ಸ್ಟೀವಿಯಾದ ಸಾರವೂ ಹಾಗೆಯೇ. ಆದರೆ ಬಿಸ್ಕತ್ತಿಗೆ ಸಿಹಿಯಷ್ಟೇ ಸಾಲದು, ಸಕ್ಕರೆ ಕೊಡುತ್ತಿದ್ದ ಗಾತ್ರವೂ ಬೇಕು. ಅದಕ್ಕೆ ಮಾಲ್ಟಿಟಾಲ್ ಬಳಸುತ್ತಾರೆ. ಪದಾರ್ಥಗಳ ಪಟ್ಟಿಯಲ್ಲಿ ಇದು 965 ಎಂಬ ಸಂಖ್ಯೆಯಾಗಿಯೂ ಕಾಣಿಸಬಹುದು. ಇದರ ಒಂದು ಗ್ರಾಂನಲ್ಲಿ ಎರಡಕ್ಕಿಂತ ತುಸು ಹೆಚ್ಚು ಕ್ಯಾಲೊರಿ ಇದೆ, ಸಕ್ಕರೆಯಲ್ಲಿ ನಾಲ್ಕು. ರಕ್ತದ ಸಕ್ಕರೆಯನ್ನು ಇದು ನಿಧಾನವಾಗಿ, ಕಡಿಮೆ ಏರಿಸುತ್ತದೆ. ಏರಿಸುವುದೇ ಇಲ್ಲ ಎಂದೇನಲ್ಲ.

ಒಂದು ಪೊಟ್ಟಣದ ಹಿಂಬದಿಯಲ್ಲಿ ನೂರು ಗ್ರಾಂಗೆ ಕಾರ್ಬೊಹೈಡ್ರೇಟ್ 66 ಗ್ರಾಂ, ಅದರಲ್ಲಿ ಪಾಲಿಯಾಲ್ 16, ಪ್ರೋಟೀನ್ 7, ಕೊಬ್ಬು 20 ಎಂದು ಇದೆ ಅಂದುಕೊಳ್ಳಿ. ಪಾಲಿಯಾಲ್ ಎಂದರೆ ಮಾಲ್ಟಿಟಾಲ್ ಜಾತಿಯದು. ಉಳಿದ 50 ಗ್ರಾಂ ಬಹುಪಾಲು ಮೈದಾದ ಪಿಷ್ಟ. ಹಿಟ್ಟಿನಿಂದ 200 ಕ್ಯಾಲೊರಿ, ಕೊಬ್ಬಿನಿಂದ 180, ಮಾಲ್ಟಿಟಾಲ್‌ನಿಂದ ಬರೀ 38, ಪ್ರೋಟೀನ್‌ನಿಂದ 28, ಒಟ್ಟು 446. ಆ 16 ಗ್ರಾಂ ಜಾಗದಲ್ಲಿ ಸಕ್ಕರೆಯೇ ಇದ್ದಿದ್ದರೂ 472 ಆಗುತ್ತಿತ್ತು, ಅಷ್ಟೇ. ಎಂಟು ಗ್ರಾಂ ತೂಗುವ ನಾಲ್ಕು ಬಿಸ್ಕತ್ತು ತಿಂದರೆ 16 ಗ್ರಾಂ ಪಿಷ್ಟ ಒಳಗೆ ಹೋಯಿತು. ಅದು ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ. ‘ಇದು ನಡೆಯುತ್ತೆ ಬಿಡಿ’ ಎಂದು ನಾಲ್ಕರ ಜಾಗದಲ್ಲಿ ಎಂಟು ತಿನ್ನುವುದೇ ನನ್ನ ಪ್ರಕಾರ ದೊಡ್ಡ ಅಪಾಯ.

ಹಾಗಾದರೆ ಈ ಸಿಹಿಗಳು ಸುರಕ್ಷಿತವೇ? ಸುಕ್ರಲೋಸ್‌ಗೆ ದಿನಕ್ಕೆ ದೇಹತೂಕದ ಕಿಲೋಗೆ 15 ಮಿಲಿಗ್ರಾಂ ಎಂಬ ಅಂತರರಾಷ್ಟ್ರೀಯ ಮಿತಿಯಿದೆ. 60 ಕಿಲೋ ತೂಗುವವರಿಗೆ ಅದು 900 ಮಿಲಿಗ್ರಾಂ. ನಾಲ್ಕಾರು ಬಿಸ್ಕತ್ತಿನಿಂದ ಅದರ ಹತ್ತಿರ ಹೋಗುವುದೂ ಕಷ್ಟ. ತೂಕ ಇಳಿಸಲು ಇಂಥ ಸಿಹಿಗಳನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆದರೆ ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತ್ತು. ಮಾಲ್ಟಿಟಾಲ್ ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗಬಹುದು. ನಿಮ್ಮ ಮೈಗೆ ಒಗ್ಗುತ್ತದೆಯೇ ಎಂದು ತಿಳಿಯಲು ತಿನ್ನುವ ಮೊದಲು ಮತ್ತು ಎರಡು ಗಂಟೆಯ ನಂತರ ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳಿ.

ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರನೆ ಇಳಿದು ಕೈ ನಡುಗಿ ಬೆವರು ಬಂದರೆ ಈ ಬಿಸ್ಕತ್ತು ಉಪಯೋಗಕ್ಕೆ ಬಾರದು. ಆಗ ಬೇಕಾದದ್ದು ಮೂರು ಚಮಚ ನಿಜವಾದ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ನೀರಿನಲ್ಲಿ ಕದಡಿ.