ಎಂಟನೇ ತಿಂಗಳ ಪೈಲ್ಸ್: ಎಲ್ಲಕ್ಕೂ ಉಷ್ಣವೇ ಕಾರಣವಲ್ಲ

ತುಂಬು ಬಸುರಿ ಕಕ್ಕಸಿಗೆ ಹೋಗಿ ಬಂದು ‘ರಕ್ತ ಬಿತ್ತು’ ಎಂದರೆ ಮನೆಯವರ ಮೊದಲ ಮಾತು ‘ಉಷ್ಣ ಆಗಿದೆ’. ಕೂಡಲೇ ಮಜ್ಜಿಗೆ, ಎಳನೀರು ಬರುತ್ತವೆ. ಕುಡಿಯಲಿ, ನೀರಿನಂಶವಾದರೂ ಒಳಗೆ ಹೋಗುತ್ತದೆ. ಆದರೆ ತೊಂದರೆಯ ಮೂಲ ಬೇರೆ ಕಡೆ ಇದೆ.

ಗುದದ ಒಳಗೆ ರಕ್ತನಾಳಗಳ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳಗಳನ್ನು ಒತ್ತುವುದರಿಂದ ಕೆಳಗಿನ ರಕ್ತ ಸಲೀಸಾಗಿ ಮೇಲೇರದೆ ಆ ಮೆತ್ತೆಗಳು ಊದಿಕೊಳ್ಳುತ್ತವೆ. ಬಸುರಿನಲ್ಲಿ ಹೆಚ್ಚುವ ಪ್ರೊಜೆಸ್ಟರಾನ್ ಹಾರ್ಮೋನು ನಾಳಗಳ ಗೋಡೆಯನ್ನು ಸಡಿಲಿಸಿ, ಕರುಳಿನ ಚಲನೆಯನ್ನೂ ನಿಧಾನಗೊಳಿಸುತ್ತದೆ. ಮಲ ಕರುಳಿನಲ್ಲಿ ಹೆಚ್ಚು ಹೊತ್ತು ಉಳಿದಷ್ಟೂ ಅದರ ನೀರು ಇಂಗಿ ಗಟ್ಟಿಯಾಗುತ್ತದೆ. ಮೇಲೆ ಐರನ್ ಮಾತ್ರೆ ಬೇರೆ. ತಿಣುಕಿದಾಗಲೆಲ್ಲ ಊದಿದ ಮೆತ್ತೆ ಕೆಳಗೆ ಜಾರುತ್ತದೆ.

34 ವಾರ ತುಂಬಿದ, ಹಗಲೆಲ್ಲ ಹೊಲಿಗೆ ಮಿಷನ್ ಮುಂದೆ ಕೂರುವ ಒಬ್ಬಾಕೆ ಇದ್ದಾಳೆಂದುಕೊಳ್ಳಿ. ಐರನ್ ಮಾತ್ರೆಯಿಂದಲೇ ಹೀಗಾಯಿತೆಂದು ಅದನ್ನು ಬಿಟ್ಟುಬಿಡುತ್ತಾಳೆ. ಇದು ಸರಿಯಲ್ಲ. ರಕ್ತಹೀನತೆಯಿದ್ದರೆ ಹೆರಿಗೆಯಲ್ಲಿ ಹೋಗುವ ರಕ್ತ ತಡೆದುಕೊಳ್ಳುವುದು ಕಷ್ಟ. ಡಾಕ್ಟರಿಗೆ ಹೇಳಿದರೆ ಮಾತ್ರೆಯ ಬಗೆಯನ್ನೋ ಪ್ರಮಾಣವನ್ನೋ ಬದಲಿಸಿಕೊಡುತ್ತಾರೆ.

ಆಕೆಗೆ ಮೊದಲು ಬೇಕಾದದ್ದು ಮಲ ಮೆತ್ತಗಾಗುವುದು. ಸೊಪ್ಪು, ಕಾಳು, ಹಣ್ಣು ಸಾಲದಿದ್ದರೆ ಒಂದೆರಡು ಚಮಚ ಇಸಬ್‌ಗೋಲ್ ಅನ್ನು ಲೋಟ ತುಂಬ ನೀರಿಗೆ ಹಾಕಿ ತಕ್ಷಣ ಕುಡಿಯಬೇಕು, ಮೇಲೊಂದು ಲೋಟ ನೀರೂ ಬೇಕು. ನೀರು ಕಡಿಮೆಯಾದರೆ ಇಸಬ್‌ಗೋಲ್ ಒಳಗೇ ಕಟ್ಟಿಕೊಳ್ಳುತ್ತದೆ. ಮೂರ್ನಾಲ್ಕು ದಿನಕ್ಕೂ ಬಗ್ಗದಿದ್ದರೆ ಡಾಕ್ಟರು ಲ್ಯಾಕ್ಟುಲೋಸ್ ಸಿರಪ್ ಬರೆದುಕೊಡಬಹುದು. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ನೋವಿಗೆ ಅಗಲ ಟಬ್ಬಿನ ಉಗುರುಬೆಚ್ಚಗಿನ ನೀರಿನಲ್ಲಿ 10–15 ನಿಮಿಷ, ದಿನಕ್ಕೆ ಎರಡು ಮೂರು ಸಲ ಕೂರುವುದು ಒಳ್ಳೆಯದು. ಡೆಟಾಲ್ ಬೇಡ, ಬರೀ ನೀರು ಸಾಕು. ಏಳುವಾಗ ತಲೆ ಸುತ್ತಬಹುದು, ಪಕ್ಕದಲ್ಲಿ ಯಾರಾದರೂ ಇರಲಿ. ನೆತ್ತಿನೀರು ಹೋಗಿದ್ದರೆ ಟಬ್ಬಿನಲ್ಲಿ ಕೂರದೆ ಆಸ್ಪತ್ರೆಗೆ ಹೊರಡಬೇಕು. ಊತಕ್ಕೆ ಬಟ್ಟೆ ಸುತ್ತಿದ ಐಸನ್ನು ಕೆಲವು ನಿಮಿಷ ಇಡಬಹುದು. ಮಲಗುವಾಗ ಎಡಮಗ್ಗುಲಾದರೆ ನಾಳಗಳ ಮೇಲಿನ ಭಾರ ಇಳಿಯುತ್ತದೆ. ಗಂಟೆಗೊಮ್ಮೆ ಮಿಷನ್ ಬಿಟ್ಟು ಎದ್ದರೂ ಅಷ್ಟೇ ಉಪಕಾರ.

ಅಜ್ಜಿಯರು ಹೇಳುವ ಹರಳೆಣ್ಣೆ ಮಾತ್ರ ಬೇಡ. ಅದು ಕರುಳಿನ ಜೊತೆ ಗರ್ಭಕೋಶವನ್ನೂ ಕೆರಳಿಸಬಲ್ಲದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಈ ತಿಂಗಳುಗಳಲ್ಲಿ ಮಗುವಿನ ಹೃದಯಕ್ಕೂ ಮೂತ್ರಪಿಂಡಕ್ಕೂ ತೊಂದರೆ ಮಾಡಬಹುದು. ನೋವು ತಡೆಯಲಾಗದಿದ್ದರೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಮುಲಾಮನ್ನೂ ಕೇಳಿಯೇ ಹಚ್ಚಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಕೆಲವದರಲ್ಲಿ ಬಿಪಿ ಏರಿಸುವ ಔಷಧಿ ಇರುತ್ತದೆ.

ಇದ್ದಕ್ಕಿದ್ದಂತೆ ಕಡುನೋವಿನ ಜೊತೆ ನೀಲಿಗಟ್ಟಿದ ಗಟ್ಟಿ ಗಂಟು ಕಂಡರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ಎರಡು ಮೂರು ದಿನದೊಳಗೆ ತೋರಿಸಿದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ ತೆಗೆಯಲು ಸಾಧ್ಯ. ಇನ್ನು ರಕ್ತದ ಮಾತು. ಪೈಲ್ಸ್ ರಕ್ತ ಸಾಮಾನ್ಯವಾಗಿ ಮಲದ ಹೊತ್ತಿನಲ್ಲಿ ತಾಜಾ ಕೆಂಪಾಗಿ ತೊಟ್ಟಿಕ್ಕಿ ನಿಲ್ಲುತ್ತದೆ. ಅನುಮಾನವಿದ್ದರೆ ಸ್ವಚ್ಛ ಪ್ಯಾಡ್ ಇಟ್ಟು ನೋಡಿ. ಕಕ್ಕಸಿಗೆ ಹೋಗದಿದ್ದಾಗಲೂ ಅದು ಕೆಂಪಾದರೆ ರಕ್ತ ಯೋನಿಯಿಂದ ಬರುತ್ತಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಹೆರಿಗೆ ಆಸ್ಪತ್ರೆಗೆ ಹೋಗಬೇಕು.