ರಿಟಾರ್ಗೆಟಿಂಗ್ ಜಾಹೀರಾತಿನಲ್ಲಿ ಹೊಸ ಮತ್ತು ಹಳೆಯ ಗ್ರಾಹಕರ ಮಾರಾಟದ ಹೋಲಿಕೆ

ರಿಟಾರ್ಗೆಟಿಂಗ್ ಎಂಬುದು ಒಂದು ಮಳಿಗೆಯ ಜಾಲತಾಣಕ್ಕೆ ಈಗಾಗಲೇ ಭೇಟಿ ನೀಡಿದವರಿಗೆ, ಅವರು ಬೇರೆ ಜಾಲತಾಣ ಅಥವಾ ಆ್ಯಪ್‌ಗಳಲ್ಲಿರುವಾಗ, ಅದೇ ಮಳಿಗೆಯ ಜಾಹೀರಾತನ್ನು ಮತ್ತೆ ತೋರಿಸುವ ವಿಧಾನವಾಗಿದೆ. ಇದರಿಂದ ಬಂದಿತೆಂದು ಲೆಕ್ಕಕ್ಕೆ ಸೇರುವ ಮಾರಾಟವನ್ನು ಹೊಸ ಗ್ರಾಹಕರದು ಮತ್ತು ಹಳೆಯ ಗ್ರಾಹಕರದು ಎಂದು ಬೇರ್ಪಡಿಸಿ ನೋಡುವುದು ಜಾಹೀರಾತಿನ ನಿಜವಾದ ಫಲವನ್ನು ಅಳೆಯುವ ಒಂದು ಕ್ರಮ. ಜಾಹೀರಾತು ಹೊಸ ಬೇಡಿಕೆಯನ್ನು ಹುಟ್ಟಿಸುತ್ತಿದೆಯೇ ಅಥವಾ ಹೇಗೂ ನಡೆಯಲಿದ್ದ ಮಾರಾಟವನ್ನು ತನ್ನ ಖಾತೆಗೆ ಬರೆದುಕೊಳ್ಳುತ್ತಿದೆಯೇ ಎಂಬುದು ಇಲ್ಲಿನ ಮೂಲ ಪ್ರಶ್ನೆ. ಜಾಹೀರಾತನ್ನು ನೋಡದ ಗುಂಪೊಂದು ಹೋಲಿಕೆಗೆ ಇದ್ದಾಗ ಮಾತ್ರ ಈ ಪ್ರಶ್ನೆಗೆ ಖಚಿತ ಉತ್ತರ ದೊರೆಯುತ್ತದೆ.

## ಸಮಸ್ಯೆಯ ಮೂಲ

ಜಾಹೀರಾತು ವೇದಿಕೆಗಳು ಮಾರಾಟದ ಶ್ರೇಯಸ್ಸನ್ನು ಸಾಮಾನ್ಯವಾಗಿ ಕಾಲದ ಕ್ರಮವನ್ನು ನೋಡಿ ಹಂಚುತ್ತವೆ. ಒಬ್ಬ ವ್ಯಕ್ತಿ ಜಾಹೀರಾತನ್ನು ಕ್ಲಿಕ್ ಮಾಡಿದ ಅಥವಾ ಕೇವಲ ನೋಡಿದ ನಂತರ ನಿಗದಿತ ದಿನಗಳೊಳಗೆ ಖರೀದಿಸಿದರೆ, ಆ ಖರೀದಿ ಜಾಹೀರಾತಿನ ಸಾಧನೆಯೆಂದು ದಾಖಲಾಗುತ್ತದೆ. ಮೊದಲು ನೋಡಿದ, ಅನಂತರ ಕೊಂಡ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ನೋಡಿದ್ದರಿಂದಲೇ ಕೊಂಡ ಎಂಬುದನ್ನು ಅದು ತೋರಿಸುವುದಿಲ್ಲ.

ರಿಟಾರ್ಗೆಟಿಂಗ್‌ನಲ್ಲಿ ಈ ದೋಷ ಹೆಚ್ಚು ದೊಡ್ಡದಾಗುತ್ತದೆ. ಜಾಹೀರಾತನ್ನು ಯಾರಿಗೆ ತೋರಿಸಬೇಕೆಂಬ ಆಯ್ಕೆಯೇ ಕೊಳ್ಳುವ ಇಚ್ಛೆಯನ್ನು ಆಧರಿಸಿರುವುದು ಇದಕ್ಕೆ ಕಾರಣ. ಮಳಿಗೆಗೆ ಬಂದು ವಸ್ತುವನ್ನು ನೋಡಿದವರು, ಖರೀದಿ ಬುಟ್ಟಿಗೆ ಹಾಕಿ ಬಿಟ್ಟುಹೋದವರು ಮತ್ತು ಹಿಂದೆ ಹಲವು ಬಾರಿ ಕೊಂಡವರು ಈ ಪಟ್ಟಿಯಲ್ಲಿರುತ್ತಾರೆ. ಇವರಲ್ಲಿ ಅನೇಕರು ಜಾಹೀರಾತು ಇಲ್ಲದಿದ್ದರೂ ಮರಳಿ ಬರುವವರೇ. ಹಳೆಯ ಗ್ರಾಹಕರ ವಿಷಯದಲ್ಲಿ ಈ ಸಂಭವ ಇನ್ನೂ ಹೆಚ್ಚು: ಅವರಿಗೆ ಮಳಿಗೆಯ ಹೆಸರು ಗೊತ್ತಿದೆ, ವಿಳಾಸ ಮತ್ತು ಪಾವತಿಯ ವಿವರಗಳು ಅಲ್ಲಿ ಆಗಲೇ ಇವೆ.

## ಇಬೇ ಪ್ರಯೋಗ

ಹೊಸಬರು ಮತ್ತು ಹಳಬರ ನಡುವಿನ ಈ ವ್ಯತ್ಯಾಸಕ್ಕೆ ಹೆಸರಾಂತ ಸಾಕ್ಷ್ಯವು ರಿಟಾರ್ಗೆಟಿಂಗ್‌ನದಲ್ಲ, ಹುಡುಕು ಜಾಹೀರಾತುಗಳದು. ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೊ ಮತ್ತು ಸ್ಟೀವನ್ ಟಾಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ಇಬೇ ಸಂಸ್ಥೆಯ ಹುಡುಕು ಜಾಹೀರಾತುಗಳನ್ನು ಕೆಲವೆಡೆ ನಿಲ್ಲಿಸಿ ನಡೆಸಿದ ಪ್ರಯೋಗಗಳ ವರದಿ 2015ರಲ್ಲಿ 'ಎಕನೊಮೆಟ್ರಿಕಾ' ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸಬರು ಮತ್ತು ಅಪರೂಪಕ್ಕೆ ಕೊಳ್ಳುವವರ ಮೇಲೆ ಜಾಹೀರಾತು ಪ್ರಭಾವ ಬೀರಿತ್ತು. ಪದೇ ಪದೇ ಕೊಳ್ಳುವವರ ಖರೀದಿಯಲ್ಲಿ ಗುರುತಿಸಬಹುದಾದ ಬದಲಾವಣೆ ಕಾಣಲಿಲ್ಲ. ಆದರೆ ಜಾಹೀರಾತಿನ ವೆಚ್ಚದ ಬಹುಪಾಲು ಆಗುತ್ತಿದ್ದುದು ಇವರ ಮೇಲೆಯೇ. ಆದ್ದರಿಂದ ಒಟ್ಟಾರೆ ಸರಾಸರಿಯಲ್ಲಿ ವೆಚ್ಚವು ನಷ್ಟವಾಗಿ ಪರಿಣಮಿಸಿತು.

ಇದರಿಂದ ರಿಟಾರ್ಗೆಟಿಂಗ್ ಯಾವಾಗಲೂ ವ್ಯರ್ಥವೆಂದು ತೀರ್ಮಾನಿಸಲಾಗದು. ಗ್ಯಾರೆಟ್ ಜಾನ್ಸನ್, ರ‍್ಯಾಂಡಲ್ ಲೂಯಿಸ್ ಮತ್ತು ಎಲ್ಮಾರ್ ನುಬ್ಬೆಮೆಯರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರೀಡಾ ಸಾಮಗ್ರಿಗಳ ಮಾರಾಟಗಾರನೊಬ್ಬನ ರಿಟಾರ್ಗೆಟಿಂಗ್ ಜಾಹೀರಾತು ಖರೀದಿಯನ್ನು ಶೇ. 10.5ರಷ್ಟು ಹೆಚ್ಚಿಸಿದ್ದು ಕಂಡುಬಂದಿತು.

## ಹೋಲಿಕೆಯ ಕ್ರಮ

ಮೊದಲು ಜಾಹೀರಾತಿಗೆ ಅರ್ಹರಾದವರ ಪಟ್ಟಿಯನ್ನು ಎರಡಾಗಿ ವಿಂಗಡಿಸಲಾಗುತ್ತದೆ. ಹಿಂದೆಂದೂ ಕೊಳ್ಳದೆ ಕೇವಲ ಭೇಟಿ ನೀಡಿದವರು ಹೊಸಬರು. ಒಮ್ಮೆಯಾದರೂ ಕೊಂಡವರು ಹಳಬರು. ಬಳಿಕ ಪ್ರತಿ ವಿಭಾಗದಿಂದಲೂ ಯಾದೃಚ್ಛಿಕವಾಗಿ ಆರಿಸಿದ ಒಂದು ಭಾಗಕ್ಕೆ ಜಾಹೀರಾತನ್ನು ತಡೆಹಿಡಿಯಲಾಗುತ್ತದೆ. ಇದು ನಿಯಂತ್ರಣ ಗುಂಪು. ಅವಧಿ ಮುಗಿದಾಗ ಎರಡೂ ಗುಂಪುಗಳ ಖರೀದಿಯನ್ನು ಜಾಹೀರಾತು ವೇದಿಕೆಯ ವರದಿಯಿಂದಲ್ಲ, ಮಳಿಗೆಯ ಸ್ವಂತ ಆರ್ಡರ್ ದಾಖಲೆಯಿಂದ ಎಣಿಸಬೇಕು. ಇವುಗಳ ವ್ಯತ್ಯಾಸವೇ ಜಾಹೀರಾತಿನಿಂದ ದೊರೆತ ಹೆಚ್ಚುವರಿ ಮಾರಾಟ.

## ಉದಾಹರಣೆ

ಒಂದು ಕಾಲ್ಪನಿಕ ಪಾದರಕ್ಷೆ ಮಳಿಗೆಯ ಪಟ್ಟಿಯಲ್ಲಿ 60,000 ಹೊಸಬರು ಮತ್ತು 40,000 ಹಳಬರು ಇದ್ದಾರೆಂದು ಭಾವಿಸೋಣ. ಪ್ರತಿ ವಿಭಾಗದ ಅರ್ಧ ಜನರಿಗೆ 30 ದಿನ ಜಾಹೀರಾತು ತೋರಿಸಲಾಯಿತು. ಪ್ರತಿ ಖರೀದಿಯ ಸರಾಸರಿ ಮೊತ್ತ ₹1,000. ಅದರಲ್ಲಿ ಮಳಿಗೆಗೆ ಉಳಿಯುವುದು ₹400.

| | ಹೊಸಬರು | ಹಳಬರು |
|---|---|---|
| ಜಾಹೀರಾತು ಕಂಡವರ ಖರೀದಿ | 360 | 1,000 |
| ನಿಯಂತ್ರಣ ಗುಂಪಿನ ಖರೀದಿ | 270 | 970 |
| ಹೆಚ್ಚುವರಿ ಖರೀದಿ | 90 | 30 |
| ಜಾಹೀರಾತು ವೆಚ್ಚ | ₹27,000 | ₹41,000 |

ಜಾಹೀರಾತು ಕಂಡವರ ಎಲ್ಲ ಖರೀದಿಯೂ ವೇದಿಕೆಯ ವರದಿಗೆ ಸೇರಿದರೆ, ಹಳಬರಿಂದ ₹41,000 ವೆಚ್ಚಕ್ಕೆ ₹10,00,000 ಮಾರಾಟವಾದಂತೆ ಕಾಣುತ್ತದೆ. ಅಂದರೆ ಒಂದು ರೂಪಾಯಿಗೆ ಸುಮಾರು ₹24. ಹೊಸಬರಲ್ಲಿ ಈ ಪ್ರಮಾಣ ಸುಮಾರು ₹13. ವರದಿಯನ್ನಷ್ಟೇ ನಂಬಿದ ಮಾಲೀಕನು ಹಣವನ್ನು ಹಳಬರ ಕಡೆಗೆ ತಿರುಗಿಸುತ್ತಾನೆ.

ಹೆಚ್ಚುವರಿ ಖರೀದಿಯ ಲೆಕ್ಕ ಇದಕ್ಕೆ ವಿರುದ್ಧವಾಗಿದೆ. ಹೊಸಬರ 90 ಖರೀದಿಗಳಿಂದ ಉಳಿಯುವುದು ₹36,000. ವೆಚ್ಚ ಕಳೆದು ₹9,000 ಲಾಭ. ಹಳಬರ 30 ಖರೀದಿಗಳಿಂದ ಉಳಿಯುವುದು ₹12,000; ವೆಚ್ಚ ಕಳೆದರೆ ₹29,000 ನಷ್ಟ. ಹಳಬರ 1,000 ಖರೀದಿಗಳಲ್ಲಿ 970 ಜಾಹೀರಾತಿಲ್ಲದೆಯೂ ಆಗುತ್ತಿದ್ದವು.

ಇಲ್ಲಿ ಆಕಸ್ಮಿಕ ಏರಿಳಿತವನ್ನೂ ಗಮನಿಸಬೇಕು. ಗುಂಪುಗಳು ಸಮವಾಗಿದ್ದಾಗ, ಎರಡೂ ಗುಂಪುಗಳ ಖರೀದಿಗಳನ್ನು ಕೂಡಿಸಿ, ಮೊತ್ತದ ವರ್ಗಮೂಲವನ್ನು ಇಮ್ಮಡಿಗೊಳಿಸಿದರೆ ಒರಟಾದ ಅಳತೆಗೋಲು ಸಿಗುತ್ತದೆ. ಹೊಸಬರಲ್ಲಿ ಇದು ಸುಮಾರು 50; ವ್ಯತ್ಯಾಸ 90 ಆಗಿರುವುದರಿಂದ ಪರಿಣಾಮ ಇದೆಯೆನ್ನಬಹುದು, ಆದರೆ ಲಾಭದ ಪ್ರಮಾಣ ನಿಖರವಾಗಲು ಪರೀಕ್ಷೆಯನ್ನು ಇನ್ನಷ್ಟು ಜನರ ಮೇಲೆ ನಡೆಸಬೇಕಾಗುತ್ತದೆ. ಹಳಬರಲ್ಲಿ ಇದು ಸುಮಾರು 89. ವ್ಯತ್ಯಾಸ ಕೇವಲ 30 ಇರುವುದರಿಂದ ಅದು ಆಕಸ್ಮಿಕವೂ ಆಗಿರಬಹುದು.

## ನಿಯಂತ್ರಣ ಗುಂಪು ಇಲ್ಲದಿದ್ದಾಗ

ಸಣ್ಣ ಮಳಿಗೆಗಳಿಗೆ ಇಂತಹ ಪರೀಕ್ಷೆ ಕಷ್ಟವಾದಾಗ, ಜಾಹೀರಾತಿನ ಖಾತೆಗೆ ಸೇರಿದ ಮಾರಾಟದಲ್ಲಿ ಹೊಸಬರ ಪಾಲನ್ನು ಮಳಿಗೆಯ ಒಟ್ಟು ಮಾರಾಟದಲ್ಲಿ ಅವರಿಗಿರುವ ಪಾಲಿನೊಂದಿಗೆ ಹೋಲಿಸುವುದುಂಟು. ಮೊದಲನೆಯದು ಬಹಳ ಕಡಿಮೆಯಿದ್ದರೆ, ಜಾಹೀರಾತು ಮುಖ್ಯವಾಗಿ ಹಳಬರ ಸುತ್ತಲೇ ಸುತ್ತುತ್ತಿದೆ ಎಂಬ ಶಂಕೆಗೆ ಆಧಾರ ಸಿಗುತ್ತದೆ. ಇದು ಸೂಚನೆಯೇ ಹೊರತು ಪುರಾವೆಯಲ್ಲ. ಮೇಲಿನ ಉದಾಹರಣೆಯಲ್ಲಿ ಹೊಸಬರ 360 ಖರೀದಿಗಳ ಪೈಕಿಯೂ 270 ಹೇಗೂ ಆಗುವಂಥವೇ ಆಗಿದ್ದವು. ಹೊಸ ಗ್ರಾಹಕನೆಂದ ಮಾತ್ರಕ್ಕೆ ಅವನನ್ನು ಜಾಹೀರಾತೇ ತಂದಿತೆಂದು ಹೇಳಲಾಗದು. ಸ್ನೇಹಿತರ ಮಾತು ಅಥವಾ ಬೇರೊಂದು ಜಾಹೀರಾತು ಅವನನ್ನು ಮೊದಲ ಬಾರಿ ಮಳಿಗೆಗೆ ಕರೆತಂದಿರಬಹುದು.

## ತಪ್ಪುವ ಸಂದರ್ಭಗಳು

'ಹೊಸಬ' ಎಂಬುದರ ವ್ಯಾಖ್ಯಾನದಲ್ಲಿಯೇ ಹೆಚ್ಚಿನ ತಪ್ಪುಗಳಾಗುತ್ತವೆ. ಗೂಗಲ್ ಅನಾಲಿಟಿಕ್ಸ್‌ನಂತಹ ಸಾಧನಗಳು ತೋರಿಸುವ ಹೊಸ ಮತ್ತು ಮರಳಿದ ಬಳಕೆದಾರರ ವಿಂಗಡಣೆ ಭೇಟಿಗೆ ಸಂಬಂಧಿಸಿದ್ದು, ಖರೀದಿಗಲ್ಲ. ಕುಕಿ ಅಳಿಸಿದ ಅಥವಾ ಬೇರೆ ಫೋನಿನಿಂದ ಬಂದ ಹಳೆಯ ಗ್ರಾಹಕನು ಅಲ್ಲಿ ಹೊಸಬನಾಗಿ ಕಾಣಿಸಿಕೊಳ್ಳುತ್ತಾನೆ. ಇದರಿಂದ ಹೊಸಬರ ಸಂಖ್ಯೆ ಹಿಗ್ಗುತ್ತದೆ. ಆರ್ಡರ್‌ನಲ್ಲಿರುವ ಮೊಬೈಲ್ ಸಂಖ್ಯೆ ಅಥವಾ ಇಮೇಲ್ ವಿಳಾಸವನ್ನು ಹಿಂದಿನ ಆರ್ಡರ್‌ಗಳೊಂದಿಗೆ ತಾಳೆ ನೋಡಿದರೆ ಈ ದೋಷ ಹೊರಬೀಳುತ್ತದೆ.

ಎರಡನೆಯ ತೊಡಕು ಕಾಲಕ್ಕೆ ಸಂಬಂಧಿಸಿದ್ದು. ಮುಂದಿನ ತಿಂಗಳು ಕೊಳ್ಳಲಿದ್ದ ಹಳೆಯ ಗ್ರಾಹಕನನ್ನು ಜಾಹೀರಾತು ಈ ತಿಂಗಳೇ ಕೊಳ್ಳುವಂತೆ ಮಾಡಿದರೆ, ಪರೀಕ್ಷೆಯ ಅವಧಿಯಲ್ಲಿ ಅದು ಹೆಚ್ಚುವರಿ ಮಾರಾಟವಾಗಿ ತೋರುತ್ತದೆ. ಜಾಹೀರಾತು ನಿಂತ ನಂತರವೂ ಕೆಲವು ವಾರ ಎರಡೂ ಗುಂಪುಗಳನ್ನು ಎಣಿಸುತ್ತಾ ಹೋದರೆ ನಿಯಂತ್ರಣ ಗುಂಪು ಕ್ರಮೇಣ ಅಂತರವನ್ನು ತುಂಬಿಕೊಳ್ಳುವುದು ಕಾಣುತ್ತದೆ. ಹಾಗಾದರೆ ಹುಟ್ಟಿದ್ದು ಹೊಸ ಬೇಡಿಕೆಯಲ್ಲ. ಖರೀದಿಯ ದಿನ ಮಾತ್ರ ಹಿಂದಕ್ಕೆ ಸರಿದಿರುತ್ತದೆ.