ಮಾಳಿಗೆಯ ಬಚ್ಚಲು: ನೆಲದಡಿಯ ಪೈಪಿಗೆ ದಾರಿ ಉಳಿಸಿಕೊಳ್ಳಿ

ಮಾಳಿಗೆಯಲ್ಲಿ ಬಚ್ಚಲು ಕಟ್ಟುವಾಗ ಆ ಭಾಗದ ಸ್ಲ್ಯಾಬನ್ನು ಉಳಿದ ಸ್ಲ್ಯಾಬಿಗಿಂತ ಒಂದು, ಒಂದೂವರೆ ಅಡಿ ತಗ್ಗಿಸುವುದು ಈಗ ರೂಢಿ. ಇದಕ್ಕೆ ಸಂಕನ್ ಸ್ಲ್ಯಾಬ್ ಎನ್ನುತ್ತಾರೆ. ನೀರು ಹೋಗುವ ಪೈಪುಗಳೆಲ್ಲ ಈ ತಗ್ಗಿನೊಳಗೆ ಕೂತು, ಮೇಲೆ ಟೈಲ್ಸ್ ಬೀಳುತ್ತದೆ. ಕೆಳಗಿನ ಕೋಣೆಯ ಮಾಡಿನಲ್ಲಿ ಪೈಪು ನೇತಾಡುವುದಿಲ್ಲ, ಚಂದ. ಆದರೆ ಈ ತಗ್ಗು ಅಂದರೆ ಒಂದು ಮುಚ್ಚಿದ ತೊಟ್ಟಿ. ಒಳಗೆ ಒಂದು ಜಾಯಿಂಟ್ ಒಸರಿದರೂ ನೀರಿಗೆ ಹೊರಹೋಗಲು ದಾರಿಯಿಲ್ಲ. ತಿಂಗಳುಗಟ್ಟಲೆ ಅಲ್ಲೇ ತುಂಬಿ, ಕೊನೆಗೆ ಸ್ಲ್ಯಾಬಿನ ಮೂಲಕ ಕೆಳಗಿಳಿಯುತ್ತದೆ.

ನಮ್ಮ ನೆರೆಮನೆಯಲ್ಲಿ ಹೀಗೇ ಆಯಿತು. ಬಚ್ಚಲಿನ ಕೆಳಗಿನ ಕೋಣೆಯಲ್ಲಿ ಒಣ ಅಡಿಕೆ ಚೀಲ ಇಡುತ್ತಿದ್ದರು. ಮಾಡಿನಲ್ಲಿ ಅಂಗೈಯಗಲದ ಹಸಿ ಕಲೆ ಕಂಡಾಗ ಮಳೆನೀರು ಎಂದುಕೊಂಡರು. ಬೇಸಗೆಯಲ್ಲೂ ಕಲೆ ಆರಲಿಲ್ಲ, ಗೋಡೆ ಬದಿಯ ಚೀಲಗಳಿಗೆ ಬೂಷ್ಟು ಹಿಡಿಯಿತು. ಬಚ್ಚಲಿನ ನೆಲವನ್ನು ಪೂರ್ತಿ ಅಗೆದರೆ, ತುಂಬಿಸಿದ್ದ ಇಟ್ಟಿಗೆ ಚೂರುಗಳು ನೀರಿನಲ್ಲಿ ಮುಳುಗಿದ್ದವು. ಸೋರುತ್ತಿದ್ದದ್ದು ಒಂದು ಬೆಂಡಿನ ಜಾಯಿಂಟ್ ಮಾತ್ರ. ಅದನ್ನು ಹುಡುಕಲು ಹೊಸ ಟೈಲ್ಸ್ ಅಷ್ಟೂ ಹೋಯಿತು.

ಇದನ್ನು ನೋಡಿದ ಮೇಲೆ ನಮ್ಮ ಮಾಳಿಗೆಯ ಬಚ್ಚಲಿಗೆ ನಾನು ಮಾಡಿಸಿದ ಕ್ರಮವನ್ನು ಹೇಳುತ್ತೇನೆ. ಬಚ್ಚಲು 8 ಅಡಿ ಉದ್ದ, 5 ಅಡಿ ಅಗಲ. ಒಂದು ಅಗಲದ ಬದಿ ಹೊರಗೋಡೆ, ಎದುರು ಬದಿ ಬಾಗಿಲು.

ಎಷ್ಟು ತಗ್ಗು ಬೇಕು? ಇದನ್ನು ತೀರ್ಮಾನಿಸುವುದು ಕಮೋಡ್. ಹಿಂಬದಿಯಿಂದ ಪೈಪು ಹೊರಡುವ ಪಿ-ಟ್ರ್ಯಾಪ್ ಕಮೋಡ್ ಆದರೆ ಅದರ ಬಾಯಿ ನೆಲದಿಂದ ಸುಮಾರು 7 ಇಂಚು ಮೇಲಿರುತ್ತದೆ. ಹೊರಗೋಡೆಗೆ ತಾಗಿಸಿ ಇಟ್ಟರೆ ನಾಲ್ಕಿಂಚಿನ ಪೈಪು ನೇರ ಗೋಡೆ ದಾಟಿ ಹೋಗುತ್ತದೆ, ನೆಲದಡಿಗೆ ಬರುವುದೇ ಇಲ್ಲ. ಕುಕ್ಕರುಗಾಲಲ್ಲಿ ಕೂರುವ ಇಂಡಿಯನ್ ಪ್ಯಾನ್ ಆದರೆ ಪ್ಯಾನೂ ಟ್ರ್ಯಾಪೂ ನೆಲದೊಳಗೆ ಕೂರಬೇಕು, ಆಗ ಒಂದೂವರೆ ಅಡಿ ತಗ್ಗು ಬೇಕಾಗುತ್ತದೆ. ನಾನು ಮೊದಲನೆಯದನ್ನು ಆರಿಸಿದ್ದರಿಂದ ಒಂದಡಿ ಸಾಕಾಯಿತು. ಮೀಯುವ ನೀರು ಬೇರೆಯೇ ಪೈಪಿನಲ್ಲಿ ಬರುವುದರಿಂದ ಬಾಳೆಬುಡಕ್ಕೆ ಬಿಡಲೂ ಅನುಕೂಲ.

ಒಂದಡಿಯ ಲೆಕ್ಕ ಹೀಗೆ. ಮೀಯುವ ಜಾಗದ ನಹಾನಿ ಟ್ರ್ಯಾಪಿನಿಂದ ಹೊರಡುವ ಪೈಪಿನ ತಳ ಟೈಲ್ಸ್ ಮಟ್ಟದಿಂದ ಆರೂವರೆ ಇಂಚು ಕೆಳಗೆ ಬಂತು. ಅಲ್ಲಿಂದ ಹೊರಗೋಡೆಗೆ 5 ಅಡಿ. ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಟ್ಟರೆ ಗೋಡೆಯ ಹತ್ತಿರ ಕಾಲು ಕಡಿಮೆ ಎಂಟು ಇಂಚು, ಅಂದರೆ ಏಳೂಮುಕ್ಕಾಲು. ಅದರಡಿ ಗಾರೆಗೆ, ನೀರು ತಡೆಯುವ ಲೇಪಕ್ಕೆ 2 ಇಂಚು. ಉಳಿದ ಎರಡೂಕಾಲು ಇಂಚು ಕೈಯಾಡಲು. ವಾಶ್ ಬೇಸಿನ್ ಬಾಗಿಲಿನ ಬಳಿ ಇದೆ. ಅದರ ನೀರು ಬದಿಯಲ್ಲಿ ಬಾಯಿರುವ ಅದೇ ಟ್ರ್ಯಾಪಿಗೆ ಸೇರುತ್ತದೆ. ಹಾಗಾಗಿ ಹೊರಗೆ ಹೋಗುವ ಪೈಪು ಒಂದೇ, ಮೂರಿಂಚಿನದು. ಟ್ರ್ಯಾಪಿನಲ್ಲಿ ಎರಡು ಇಂಚು ನೀರು ನಿಲ್ಲುವಂತಿರಬೇಕು. ಕಡಿಮೆಯಾದರೆ ನಾಲ್ಕು ದಿನ ಬಳಸದಿದ್ದಾಗ ಬೇಗ ಆರಿ ವಾಸನೆ ಬರುತ್ತದೆ.

ಕಾಂಕ್ರೀಟಿಗೆ ಮೊದಲು. ಪೈಪು ಹೊರಹೋಗುವ ಜಾಗಗಳಲ್ಲಿ ಒಂದು ಸೈಜ್ ದೊಡ್ಡ ಪೈಪಿನ ತುಂಡುಗಳನ್ನು ಸೆಂಟ್ರಿಂಗ್ ಸಮಯದಲ್ಲೇ ಇಡಿಸಬೇಕು. ಆಮೇಲೆ ಕೊರೆದರೆ ಕಬ್ಬಿಣ ತುಂಡಾಗುತ್ತದೆ. ದಾರಿಯಲ್ಲಿ ಬೀಮ್ ಬಂದರೆ ಎಲ್ಲಿ ತೂತು ಬಿಡಬಹುದೆಂದು ಇಂಜಿನಿಯರರನ್ನು ಕೇಳದೆ ಮುಟ್ಟಬಾರದು.

ಇದರ ಜತೆಗೆ ತಗ್ಗಿನ ತಳಮಟ್ಟದಲ್ಲಿ ಇನ್ನೊಂದು ಇಂಚಿನ ಪೈಪಿಗೆ ಜಾಗ ಬಿಡಿ. ನನ್ನ ಅನುಭವದಲ್ಲಿ ಇಡೀ ಕೆಲಸದಲ್ಲಿ ಬಹಳ ಮುಖ್ಯವಾದದ್ದು ಇದೇ. "ಇದ್ಯಾವುದಕ್ಕೆ ಅಣ್ಣಾ, ಬಚ್ಚಲಿನ ನೀರು ಇದರಲ್ಲಿ ಹೋಗುವುದಿಲ್ಲವಲ್ಲ?" ಎಂದು ಮೇಸ್ತ್ರಿ ಕೇಳಿದರು. ಹೋಗಬಾರದು, ಅದೇ ಲೆಕ್ಕ. ಎಲ್ಲ ಸರಿಯಿದ್ದರೆ ಈ ಪೈಪು ಒಣಗಿರುತ್ತದೆ. ಒಳಗೆ ಒಸರು ಶುರುವಾದರೆ ಹೊರಗೋಡೆಯಲ್ಲಿ ತೊಟ್ಟಿಕ್ಕಿ ಸುದ್ದಿ ಹೇಳುತ್ತದೆ, ತೊಟ್ಟಿ ತುಂಬುವುದೂ ಇಲ್ಲ. ಒಳಬಾಯಿಗೆ ಬಲೆ ಕಟ್ಟಿ ಸುತ್ತ ಜಲ್ಲಿ ಹಾಕಬೇಕು, ಹೊರಬಾಯಿಗೆ ಜಿರಳೆ ನುಗ್ಗದಂತೆ ಬಲೆ. ಇದನ್ನು ಬಚ್ಚಲಿನ ಅಥವಾ ಕಕ್ಕಸಿನ ಪೈಪಿಗೆ ಸೇರಿಸಲೇಬಾರದು, ಕಣ್ಣಿಗೆ ಕಾಣುವಂತೆ ಹೊರಗೆ ಬಿಡಬೇಕು.

ಎರಡು ಪರೀಕ್ಷೆ. ಸ್ಲ್ಯಾಬನ್ನು ತೊಳೆದು, ಮೂಲೆಗಳಿಗೆ ಗಾರೆಯಿಂದ ಗುಂಡಗೆ ಗೋಲಾ ಕೊಟ್ಟು, ಇಂಚಿನ ಪೈಪಿನ ಕಡೆಗೆ ತಳವನ್ನು ಸ್ವಲ್ಪ ಇಳಿಜಾರು ಮಾಡಿ, ನೀರು ತಡೆಯುವ ಲೇಪ ಎರಡು ಸಲ ಹಚ್ಚಿಸಿದೆ. ಲೇಪ ಗೋಡೆಯಲ್ಲೂ ಮುಂದಿನ ಟೈಲ್ಸ್ ಮಟ್ಟದಿಂದ ಒಂದಡಿ ಮೇಲಕ್ಕೆ ಹೋಗಬೇಕು. ಒಣಗಿದ ಮೇಲೆ ಬಾಯಿಗಳನ್ನು ಮುಚ್ಚಿ ಎರಡು ದಿನ ನೀರು ಕಟ್ಟಿ, ಕೆಳಗಿನ ಮಾಡು ನೋಡಬೇಕು. ಪೈಪು ಜೋಡಿಸಿದ ನಂತರ ಎರಡನೆಯದು: ಹೊರತುದಿಗೆ ಬಿರಡೆ ಹಾಕಿ ಟ್ರ್ಯಾಪಿನ ಬಾಯಿವರೆಗೆ ನೀರು ತುಂಬಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ರಾತ್ರಿ ಬಿಟ್ಟು ನೋಡುವುದು. ಮಟ್ಟ ಇಳಿದರೆ ಪ್ರತಿ ಜಾಯಿಂಟಿಗೆ ಒಣ ಕಾಗದ ಒತ್ತಿ ನೋಡಿ, ಸೋರುವುದು ಸಿಗುತ್ತದೆ. ಈ ಎರಡೂ ಮುಗಿಯದೆ ತುಂಬಿಸಲು ಬಿಡಬೇಡಿ.

ಮುಂದಿನ ರಿಪೇರಿಗೆ ದಾರಿ. ಟ್ರ್ಯಾಪಿನಿಂದ ಹೊರಗೋಡೆಗೆ ಪೈಪು ನೇರ ಇದ್ದು, ಹೊರಗೆ ತಿರುಗುವಲ್ಲಿ ಮುಚ್ಚಳವಿರುವ ಡೋರ್ ಟೀ ಇರಲಿ. ಕಟ್ಟಿಕೊಂಡರೆ ಹೊರಗಿನಿಂದಲೇ ಕೇಬಲ್ ತೂರಿಸಬಹುದು. ನೆಲದಡಿ ತಿರುವು ಬೇಕೇ ಬೇಕೆಂದರೆ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿ. ಬೇಸಿನಿನ ಪೈಪು ಟ್ರ್ಯಾಪಿಗೆ ಸೇರುವ ಜಾಗದ ಸುತ್ತ ಇಟ್ಟಿಗೆಯ ಸಣ್ಣ ಗೂಡು ಕಟ್ಟಿಸಿ, ಮೇಲೆ ಗ್ರಾನೈಟ್ ಕಲ್ಲನ್ನು ಸಿಮೆಂಟ್ ಇಲ್ಲದೆ ಕೂರಿಸಿ, ಸಂದಿಗೆ ಸಿಲಿಕಾನ್ ತುಂಬಿಸಿದ್ದೇನೆ. ಬ್ಲೇಡಿನಿಂದ ಸಿಲಿಕಾನ್ ಕೊಯ್ದರೆ ಕಲ್ಲು ಎದ್ದು ಬರುತ್ತದೆ, ಟೈಲ್ಸ್ ಒಡೆಯಬೇಕಿಲ್ಲ. ಬರುವ ನೀರಿನ ಪೈಪುಗಳನ್ನು ಮಾತ್ರ ತಗ್ಗಿನೊಳಗೆ ತರಲೇಬೇಡಿ, ಗೋಡೆಯಲ್ಲೇ ಬರಲಿ. ಹೋಗುವ ಪೈಪು ಬಳಸಿದಾಗ ಮಾತ್ರ ಸೋರುತ್ತದೆ, ಟ್ಯಾಂಕಿಯ ಪೈಪು ಹಗಲೂ ರಾತ್ರಿ.

ತುಂಬಿಸುವುದಕ್ಕೆ ಇಟ್ಟಿಗೆ ಚೂರಾದರೆ ಈ ಬಚ್ಚಲಿಗೇ ಒಂದು ಟನ್‌ಗಿಂತ ಹೆಚ್ಚು ಭಾರ ಬೀಳುತ್ತದೆ, ಚೂಪು ಅಂಚು ಪೈಪಿಗೂ ಒತ್ತುತ್ತದೆ. ನಾನು ಪೈಪಿನ ಸುತ್ತ ಮರಳು, ಉಳಿದೆಡೆ ಹಗುರ ಸಿಮೆಂಟ್ ಬ್ಲಾಕಿನ ತುಂಡು ಹಾಕಿಸಿದೆ. ಮುಚ್ಚುವ ಮೊದಲು ಟೇಪು ಹಿಡಿದು, ಎರಡು ಗೋಡೆಗಳಿಂದ ಪ್ರತಿ ಜಾಯಿಂಟಿಗೆ ಎಷ್ಟು ದೂರ ಎಂದು ಬರೆದು, ಫೋಟೋ ತೆಗೆದಿಟ್ಟಿದ್ದೇನೆ.

ಈಗಾಗಲೇ ಕಟ್ಟಿದವರಿಗೆ. ಕೆಳಗೆ ಕಲೆ ಕಂಡರೆ ಅಗೆಯುವ ಮೊದಲು ಮೂಲ ಹುಡುಕಿ. ಬಚ್ಚಲಿನ ಗೇಟ್ ವಾಲ್ವ್ ಬಂದ್ ಮಾಡಿ ಒಂದು ವಾರ ಬಳಸಬೇಡಿ. ಕಲೆ ಆರತೊಡಗಿದರೆ ವಾಲ್ವ್ ತೆರೆದು, ಆದರೆ ಬಚ್ಚಲು ಬಳಸದೆ, ಮತ್ತೊಂದು ವಾರ ನೋಡಿ. ಆಗ ಪುನಃ ಹಸಿಯಾದರೆ ಬರುವ ಪೈಪಿನ ತೊಂದರೆ. ಇಲ್ಲವಾದರೆ ಬೇಸಿನಿನಲ್ಲಿ ಮಾತ್ರ, ಆಮೇಲೆ ನೆಲದಲ್ಲಿ ಮಾತ್ರ ನೀರು ಬಿಟ್ಟು ನೋಡಿ. ಬೇಸಿನಿನ ನೀರಿಗೇ ಹಸಿಯಾದರೆ ಪೈಪು ಅಥವಾ ಟ್ರ್ಯಾಪ್, ನೆಲದ ನೀರಿಗೆ ಮಾತ್ರ ಆದರೆ ಟೈಲ್ಸ್ ಸಂದಿ ಅಥವಾ ಟ್ರ್ಯಾಪಿನ ಕುತ್ತಿಗೆ. ಒಂದು ಮಾತು ನೆನಪಿರಲಿ: ತೊಟ್ಟಿಯಲ್ಲಿ ಮೊದಲೇ ನೀರು ತುಂಬಿದ್ದರೆ ಕಲೆ ಆರಲು ವಾರ ಸಾಲದು. ಆಗ ಹೊರಗೋಡೆಯಲ್ಲಿ, ತಗ್ಗು ಸ್ಲ್ಯಾಬಿನ ಮಟ್ಟಕ್ಕೆ ಸರಿಯಾಗಿ ಇಂಚಿನ ತೂತು ಕೊರೆಸಿ ಆ ನೀರನ್ನು ಇಳಿಸಿದ ಮೇಲೆಯೇ ಪರೀಕ್ಷೆಗೆ ಅರ್ಥ. ಆ ತೂತಿಗೇ ಪೈಪಿನ ತುಂಡು ಸೇರಿಸಿ ಹಾಗೇ ಉಳಿಸಿಕೊಳ್ಳಿ.